ಒಂದೇ ಬಟವಾಡೆ ಎರಡು ಬಾರಿ ಜಮಾ ಆಗಿದೆ: ಕ್ಯೂ ನಮಗೆ ಕೊಟ್ಟಿರುವ ಭರವಸೆ ನಿಜವಾಗಿ ಏನು?

ಹೇಮಾ_ಆರ್

ಎಲ್ಲರಿಗೂ ನಮಸ್ಕಾರ. ಹಾಲು ಉತ್ಪಾದಕರ ಸಂಘಗಳಿಗೆ ಲೆಕ್ಕಪತ್ರದ ತಂತ್ರಾಂಶ ಒದಗಿಸುವ ಚಿಕ್ಕ ತಂಡವೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ಹದಿನೈದು ದಿನಗಳಿಗೊಮ್ಮೆ ಬಟವಾಡೆಯ ಲೆಕ್ಕ ಮುಗಿದಾಗ ಸದಸ್ಯರೊಬ್ಬರಿಗೆ ಒಂದರಂತೆ ಮೆಸೇಜುಗಳು ಅಮೆಜಾನ್ ಎಸ್‌ಕ್ಯೂಎಸ್‌ನ ಸ್ಟ್ಯಾಂಡರ್ಡ್ ಕ್ಯೂಗೆ ಹೋಗುತ್ತವೆ. ವರ್ಕರ್ ಒಂದು ಮೆಸೇಜನ್ನು ತೆಗೆದುಕೊಂಡು ಮೊದಲು ಪಿಡಿಎಫ್ ರಸೀದಿಯನ್ನು ಸಿದ್ಧಪಡಿಸುತ್ತದೆ, ಬಳಿಕ ಪೋಸ್ಟ್‌ಗ್ರೆಸ್‌ನಲ್ಲಿರುವ ಖಾತೆಗೆ ಮೊತ್ತವನ್ನು ಜಮಾ ಮಾಡುತ್ತದೆ, ಸದಸ್ಯರಿಗೆ ಎಸ್‌ಎಂಎಸ್ ಕಳುಹಿಸುತ್ತದೆ, ಕೊನೆಗೆ ಮೆಸೇಜನ್ನು ಕ್ಯೂನಿಂದ ಅಳಿಸುತ್ತದೆ.

ಕಳೆದ ಬಟವಾಡೆಯ ರಾತ್ರಿ ಹಲವು ಸದಸ್ಯರ ಖಾತೆಗಳಿಗೆ ಒಂದೇ ಮೊತ್ತ ಎರಡು ಬಾರಿ ಜಮಾ ಆಗಿದೆ. ಒಬ್ಬರ ಖಾತೆಯಲ್ಲಂತೂ 1,840 ರೂಪಾಯಿ ನಾಲ್ಕು ಬಾರಿ ಬಿದ್ದಿದೆ. ಲಾಗ್‌ನಲ್ಲಿ ಎಲ್ಲಿಯೂ ದೋಷ ಕಾಣುವುದಿಲ್ಲ. ಬೇರೆ ಬೇರೆ ವರ್ಕರ್‌ಗಳು ಅದೇ ಕೆಲಸವನ್ನು ಮಾಡಿ, ಪ್ರತಿಯೊಂದೂ ಕೆಲಸ ಯಶಸ್ವಿಯಾಯಿತೆಂದೇ ಬರೆದಿವೆ. ಸ್ಟ್ಯಾಂಡರ್ಡ್ ಕ್ಯೂ ‘ಕನಿಷ್ಠ ಒಮ್ಮೆ’ ತಲುಪಿಸುತ್ತದೆ ಎಂದು ಓದಿದ್ದೆ. ಆದರೆ ಅದು ಅಮೆಜಾನ್ ಕಡೆಯಲ್ಲಿ ಅಪರೂಪಕ್ಕೆ ಆಗುವ ಎಡವಟ್ಟಿಗೆ ಬರೆದಿಟ್ಟ ಎಚ್ಚರಿಕೆ ಎಂದು ಭಾವಿಸಿದ್ದೆ. ‘ಒಮ್ಮೆ ಮಾತ್ರ’ ತಲುಪಿಸುವ ಕ್ಯೂಗೆ ಬದಲಾಯಿಸಿದರೆ ಈ ತೊಂದರೆ ಮುಗಿಯುತ್ತದೆಯೇ?

ಪ್ರಜ್ವಲ್_ಎಂ

ಖಂಡಿತ ಮುಗಿಯುತ್ತದೆ. ಎಸ್‌ಕ್ಯೂಎಸ್‌ನಲ್ಲಿಯೇ ಫೀಫೋ ಕ್ಯೂ ಇದೆ. ಕಳುಹಿಸುವಾಗ `MessageDeduplicationId` ಕೊಟ್ಟರೆ ಅದೇ ಗುರುತಿನ ಎರಡನೆಯ ಮೆಸೇಜನ್ನು ಕ್ಯೂ ತಾನಾಗಿಯೇ ಬಿಟ್ಟುಬಿಡುತ್ತದೆ. ಒಮ್ಮೆ ಮಾತ್ರ ಸಂಸ್ಕರಣೆ ಎಂದು ಅವರ ದಾಖಲೆಯಲ್ಲೇ ಬರೆದಿದ್ದಾರೆ. ವರ್ಕರ್‌ನ ಕೋಡಿನಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಿಲ್ಲ.

ಗೌರಿಶಂಕರ

ಹೇಮಾ ಅವರೇ, ಕ್ಯೂ ಬದಲಿಸುವ ಮೊದಲು ಎರಡು ಸಂಗತಿಗಳನ್ನು ತಿಳಿಸಿ. ನಿಮ್ಮ ಕ್ಯೂನ `VisibilityTimeout` ಎಷ್ಟು? ಆ ರಾತ್ರಿ ಒಂದು ಮೆಸೇಜಿನ ಕೆಲಸಕ್ಕೆ ಎಷ್ಟು ಸೆಕೆಂಡು ಹಿಡಿದಿತ್ತು?

ಹೇಮಾ_ಆರ್

ಅದನ್ನು ನಾವು ಮುಟ್ಟಿಯೇ ಇಲ್ಲ ಸರ್, 30 ಸೆಕೆಂಡು ಇದೆ. ಸಾಮಾನ್ಯ ದಿನಗಳಲ್ಲಿ ಒಂದು ಮೆಸೇಜು ನಾಲ್ಕೈದು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆ ರಾತ್ರಿ ರಸೀದಿ ತಯಾರಿಗೆ ಬೇಕಾದ ಕ್ವೆರಿ ನಿಧಾನವಾಗಿ, ನಾಲ್ಕು ಬಾರಿ ಜಮಾ ಆದ ಆ ಸದಸ್ಯರ ಮೆಸೇಜಿಗೆ ಮೊದಲ ಬಾರಿ 41 ಸೆಕೆಂಡು ಹಿಡಿದಿದೆ.

ಗೌರಿಶಂಕರ

ಹಾಗಾದರೆ ನಿಮ್ಮ ಕ್ಯೂ ತನ್ನ ಮಾತನ್ನು ಅಕ್ಷರಶಃ ಉಳಿಸಿಕೊಂಡಿದೆ. ಆ ಒಂದು ಮೆಸೇಜಿನ ಜೊತೆ ಸೆಕೆಂಡು ಸೆಕೆಂಡಾಗಿ ನಡೆಯೋಣ.

ಮೊದಲ ವರ್ಕರ್ ಅದನ್ನು 10:00:00ಕ್ಕೆ ಪಡೆಯಿತು ಎಂದಿಟ್ಟುಕೊಳ್ಳಿ. ಆ ಕ್ಷಣದಲ್ಲಿ ಮೆಸೇಜು ಕ್ಯೂನಿಂದ ಹೊರಗೆ ಹೋಗುವುದಿಲ್ಲ, 30 ಸೆಕೆಂಡುಗಳ ಕಾಲ ಬೇರೆಯವರ ಕಣ್ಣಿಗೆ ಬೀಳದಂತೆ ಮರೆಯಾಗಿರುತ್ತದೆ ಅಷ್ಟೆ. ಕ್ಯೂಗೆ ನಿಮ್ಮ ವರ್ಕರ್ ದುಡಿಯುತ್ತಿದೆಯೋ ಸತ್ತುಹೋಗಿದೆಯೋ ತಿಳಿಯುವ ದಾರಿಯೇ ಇಲ್ಲ. ಅದಕ್ಕೆ ಗೊತ್ತಿರುವುದು ಗಡಿಯಾರ ಒಂದೇ. 10:00:30ಕ್ಕೆ ಅಳಿಸುವ ಕರೆ ಬಂದಿರದ ಕಾರಣ ಅದು ವರ್ಕರ್ ಸತ್ತಿರಬಹುದೆಂದು ಬಗೆದು ಮೆಸೇಜನ್ನು ಮತ್ತೆ ಕಾಣಿಸಿತು, ಎರಡನೆಯ ವರ್ಕರ್ ಅದನ್ನು ಎತ್ತಿಕೊಂಡಿತು. 10:00:41ಕ್ಕೆ ಮೊದಲನೆಯದು ಜಮಾ ಮಾಡಿ, ಎಸ್‌ಎಂಎಸ್ ಕಳುಹಿಸಿ, ತನ್ನ ಬಳಿಯಿದ್ದ ಹಳೆಯ ರಿಸೀಟ್ ಹ್ಯಾಂಡಲ್ ಕೊಟ್ಟು ಅಳಿಸಲು ಕೇಳಿತು. ಸ್ಟ್ಯಾಂಡರ್ಡ್ ಕ್ಯೂನಲ್ಲಿ ಹಳೆಯ ಹ್ಯಾಂಡಲ್ ಕೊಟ್ಟರೆ ಕರೆ ಯಶಸ್ವಿ ಎಂದೇ ಉತ್ತರ ಬರಬಹುದು, ಆದರೆ ಮೆಸೇಜು ಅಳಿಯದೆ ಉಳಿಯಬಹುದು. ನಿಮ್ಮ ಲಾಗ್‌ನಲ್ಲಿ ದೋಷ ಕಾಣದಿರುವುದಕ್ಕೆ ಇದೇ ಕಾರಣವಿರಬೇಕು. ಎರಡನೆಯ ವರ್ಕರ್‌ಗೂ 30 ಸೆಕೆಂಡು ಸಾಲಲಿಲ್ಲ, ಆದ್ದರಿಂದ ಮೂರನೆಯದು ಬಂತು, ಹಾಗೆಯೇ ನಾಲ್ಕನೆಯದೂ ಬಂತು. ಈ ಮರುಓಟಗಳೆಲ್ಲವೂ ಅದೇ ನಿಧಾನವಾದ ಕ್ವೆರಿಯನ್ನು ಮತ್ತೆ ಓಡಿಸಿದ್ದರಿಂದ ಡೇಟಾಬೇಸಿನ ಹೊರೆ ಇನ್ನಷ್ಟು ಏರಿ, ಅಲ್ಲಿಯವರೆಗೆ ಸಮಯದೊಳಗೆ ಮುಗಿಯುತ್ತಿದ್ದ ಬೇರೆ ಮೆಸೇಜುಗಳೂ 30 ಸೆಕೆಂಡು ದಾಟಿರುತ್ತವೆ.

ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಮೆಸೇಜನ್ನು ಪಡೆಯುವಾಗ `ApproximateReceiveCount` ಎಂಬ ಗುಣವನ್ನೂ ಕೇಳಿ ಪಡೆದು ಲಾಗ್ ಮಾಡಿ. ಅದು 1ಕ್ಕಿಂತ ಹೆಚ್ಚಿದ್ದರೆ ಆ ಮೆಸೇಜು ಮರಳಿ ಬಂದಿದೆ.

ಸಮಯದ ಮಿತಿಯನ್ನು ಏರಿಸುವುದು, ಉದ್ದದ ಕೆಲಸದ ನಡುವೆ ಆಗಾಗ `ChangeMessageVisibility` ಕರೆದು ಗಡುವನ್ನು ಮುಂದೂಡುವುದು, ಇವೆರಡನ್ನೂ ಮಾಡಲೇಬೇಕು. ಮೊದಲು ಪಡೆದ ಕ್ಷಣದಿಂದ ಒಟ್ಟು 12 ಗಂಟೆಯವರೆಗೆ ಹೀಗೆ ಮುಂದೂಡಬಹುದು. ಆದರೆ ಇದರಿಂದ ಮರುಕಳಿಕೆ ಅಪರೂಪವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಜಮಾ ಕಮಿಟ್ ಆದ ಮರುಕ್ಷಣ, ಅಳಿಸುವ ಕರೆಗೆ ಮೊದಲು, ವರ್ಕರ್ ಇದ್ದ ಯಂತ್ರವೇ ನಿಂತುಹೋದರೆ ಎಷ್ಟು ಉದ್ದದ ಗಡುವಿದ್ದರೂ ಅದು ತೀರಿದ ಮೇಲೆ ಮೆಸೇಜು ಮತ್ತೆ ಬಂದೇ ಬರುತ್ತದೆ, ಬರಲೂ ಬೇಕು. ‘ಕನಿಷ್ಠ ಒಮ್ಮೆ’ ಎಂಬ ಮಾತಿನ ಅರ್ಥವೇ ಅದು: ನೀವು ಕೆಲಸ ಮುಗಿಯಿತು ಎಂದು ಹೇಳಿ ಅದು ಕ್ಯೂಗೆ ತಲುಪುವವರೆಗೆ, ಮೆಸೇಜು ಉಳಿದಿರುವ ಅವಧಿಯುದ್ದಕ್ಕೂ, ಅದು ನಿಮ್ಮನ್ನು ಕೇಳುತ್ತಲೇ ಇರುತ್ತದೆ.

ಪ್ರಜ್ವಲ್_ಎಂ

ಇದೆಲ್ಲ ಸ್ಟ್ಯಾಂಡರ್ಡ್ ಕ್ಯೂನ ಕಥೆ. ಫೀಫೋ ಇದ್ದಿದ್ದರೆ ಇದು ಆಗುತ್ತಿತ್ತೇ?

ಗೌರಿಶಂಕರ

ಆಗುತ್ತಿತ್ತು. ನೀವು ಹೇಳಿದ ಸೌಲಭ್ಯ ಕಳುಹಿಸುವವರ ಬದಿಯದು. ಕಳುಹಿಸಿದ ಮೇಲೆ ಉತ್ತರ ಬಾರದೆ ಅದೇ ಮೆಸೇಜನ್ನು ಮತ್ತೊಮ್ಮೆ ಕಳುಹಿಸಿದರೆ, ಐದು ನಿಮಿಷಗಳ ಒಳಗಿದ್ದರೆ, ಕ್ಯೂ ಎರಡನೆಯ ಪ್ರತಿಯನ್ನು ಸೇರಿಸಿಕೊಳ್ಳುವುದಿಲ್ಲ. ಅದು ನಿಜಕ್ಕೂ ಉಪಯುಕ್ತ, ಆ ಮಟ್ಟಿಗೆ ನಿಮ್ಮ ಸಲಹೆ ಸರಿ. ಆದರೆ ವರ್ಕರ್ ಬದಿಯಲ್ಲಿ ಫೀಫೋ ಕ್ಯೂಗೂ ಅದೇ ಗಡುವು ಇದೆ, ಅದು ತೀರಿದರೆ ಮೆಸೇಜು ಮತ್ತೆ ಬರುತ್ತದೆ. ಒಂದು ವ್ಯತ್ಯಾಸ ಮಾತ್ರ ಉಂಟು: ಅವಧಿ ಮೀರಿದ ಹ್ಯಾಂಡಲ್ ಕೊಟ್ಟು ಅಳಿಸಲು ಹೋದರೆ ಫೀಫೋ ಕ್ಯೂ ದೋಷವನ್ನು ಹಿಂದಿರುಗಿಸುತ್ತದೆ. ಹೇಮಾ ಅವರಿಗೆ ಆ ರಾತ್ರಿಯೇ ಸುಳಿವು ಸಿಕ್ಕಿರುತ್ತಿತ್ತು, ಆದರೆ ಅಷ್ಟರಲ್ಲಿ ಜಮಾ ಕಮಿಟ್ ಆಗಿ ಹೋಗಿರುತ್ತಿತ್ತು.

ನಸೀಮಾ_ಕೋಡ್ಸ್

ನಮ್ಮಲ್ಲಿಯೂ ಇದೇ ತೊಂದರೆ ಇದೆ, ಆದರೆ ತಿರುಗುಮುರುಗಾಗಿ. ನಾವು ಸೆಲರಿ ಬಳಸುತ್ತೇವೆ, ಬ್ರೋಕರ್ ರೆಡಿಸ್. ಹೊಸ ಆವೃತ್ತಿಯನ್ನು ಸರ್ವರ್‌ಗೆ ಹಾಕಿದಾಗಲೆಲ್ಲ ಕೆಲವು ಟಾಸ್ಕ್‌ಗಳು ಸುಳಿವಿಲ್ಲದೆ ಕಾಣೆಯಾಗುತ್ತವೆ. ಕ್ಯೂ ಎಂದರೆ ಕನಿಷ್ಠ ಒಮ್ಮೆಯಾದರೂ ನಡೆಸಬೇಕಲ್ಲವೇ? ಇದು ರೆಡಿಸ್‌ನ ದೋಷ ಎಂದು ನಮ್ಮ ತಂಡ ತೀರ್ಮಾನಿಸಿದೆ.

ಗೌರಿಶಂಕರ

ನಿಮ್ಮದು ಬೇರೆ ಪ್ರಶ್ನೆ, ಆದರೂ ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಎರಡರ ಬೇರೂ ‘ಮುಗಿಯಿತು’ ಎಂದು ಯಾವಾಗ ಹೇಳುತ್ತೀರಿ ಎಂಬುದರಲ್ಲೇ ಇದೆ. ಸೆಲರಿಯ ಮೂಲ ವ್ಯವಸ್ಥೆಯಲ್ಲಿ ಟಾಸ್ಕ್ ಓಡಲು ತೊಡಗುವ ಮುನ್ನವೇ ವರ್ಕರ್ ಬ್ರೋಕರ್‌ಗೆ ಸ್ವೀಕೃತಿ ಕೊಟ್ಟುಬಿಡುತ್ತದೆ. ಆಮೇಲೆ ಪ್ರಕ್ರಿಯೆಯನ್ನು ಬಲವಂತವಾಗಿ ನಿಲ್ಲಿಸಿದರೆ ಆ ಟಾಸ್ಕ್ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ. ಅಂದರೆ ನಿಮಗೆ ಸಿಕ್ಕಿರುವುದು ‘ಹೆಚ್ಚೆಂದರೆ ಒಮ್ಮೆ’. ರೆಡಿಸ್ ಮೇಲೆ ತಪ್ಪು ಹೊರಿಸಬೇಡಿ. `acks_late=True` ಎಂದು ಕೊಟ್ಟರೆ ಸ್ವೀಕೃತಿ ಟಾಸ್ಕ್ ಮುಗಿದ ಮೇಲೆ ಹೋಗುತ್ತದೆ. ಅದೊಂದೇ ಸಾಲದು: ಟಾಸ್ಕ್ ಓಡಿಸುತ್ತಿದ್ದ ಉಪಪ್ರಕ್ರಿಯೆ ಮೆಮೊರಿ ಸಾಲದೆ ಕೊಲ್ಲಲ್ಪಟ್ಟರೆ ಸೆಲರಿ ಆಗಲೂ ಸ್ವೀಕೃತಿ ಕೊಟ್ಟುಬಿಡುತ್ತದೆ. ಅದು ಬೇಡವೆಂದರೆ `task_reject_on_worker_lost` ಅನ್ನೂ ಹಾಕಬೇಕು.

ಇವನ್ನು ಹಾಕಿದ ದಿನದಿಂದ ನೀವೂ ಹೇಮಾ ಅವರ ಸಾಲಿಗೆ ಸೇರುತ್ತೀರಿ. ರೆಡಿಸ್ ಬ್ರೋಕರ್‌ನಲ್ಲಿ ಆ ಗಡುವು ತಾನಾಗಿ ಒಂದು ಗಂಟೆ ಇರುತ್ತದೆ. ಒಂದು ಗಂಟೆಗಿಂತ ಹೆಚ್ಚು `countdown` ಕೊಟ್ಟು ಮುಂದೂಡಿದ ಟಾಸ್ಕ್‌ಗಳು ಕಾಯುತ್ತಿರುವಾಗಲೇ ಗಡುವು ಮೀರಿ, ಮತ್ತೊಂದು ವರ್ಕರ್‌ಗೂ ಹೋಗಿ, ಹಲವು ಬಾರಿ ಓಡುತ್ತವೆ. ಇದು ಸೆಲರಿಯ ದಾಖಲೆಯಲ್ಲಿಯೇ ಎಚ್ಚರಿಕೆಯಾಗಿ ಬರೆದಿರುವ ವಿಷಯ.

ದಿವಾಕರ_ಎಸ್

ಹಾಗಾದರೆ ‘ಒಮ್ಮೆ ಮಾತ್ರ’ ಎಂಬುದು ಬರಿಯ ಮಾರಾಟದ ಮಾತೇ? ಇದನ್ನು ನಾನು ಒಪ್ಪುವುದಿಲ್ಲ. ಕಾಫ್ಕಾದಲ್ಲಿ 2017ರ 0.11 ಆವೃತ್ತಿಯಿಂದ ಟ್ರಾನ್ಸಾಕ್ಷನ್ ಇದೆ. ನಮ್ಮ ಪ್ರಕ್ರಿಯೆ ಒಂದು ಟಾಪಿಕ್‌ನಿಂದ ಓದಿ, ಲೆಕ್ಕ ಹಾಕಿ, ಮತ್ತೊಂದು ಟಾಪಿಕ್‌ಗೆ ಬರೆಯುತ್ತದೆ. ಬರೆದ ಫಲಿತಾಂಶವೂ ಎಲ್ಲಿಯವರೆಗೆ ಓದಿದೆವು ಎಂಬ ಆಫ್‌ಸೆಟ್ಟೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಮಿಟ್ ಆಗುತ್ತವೆ. ನಡುವೆ ಬಿದ್ದರೆ ಎರಡೂ ಇಲ್ಲ, ಎದ್ದರೆ ಎರಡೂ ಉಂಟು. ಮುಂದೆ ಓದುವವರು `isolation.level` ಅನ್ನು `read_committed` ಎಂದು ಇಡಬೇಕು. ಅದು ತಾನಾಗಿ ಹಾಗಿರುವುದಿಲ್ಲವಾದ್ದರಿಂದ ಇದನ್ನು ಮರೆತವರು ರದ್ದಾದ ಬರಹಗಳನ್ನೂ ಓದಿ ಗೊಂದಲಕ್ಕೆ ಬೀಳುತ್ತಾರೆ.

ಗೌರಿಶಂಕರ

ದಿವಾಕರ ಅವರ ಮಾತು ಸರಿ, ಮಾರಾಟದ ಮಾತು ಎಂದು ನಾನೂ ಹೇಳುವುದಿಲ್ಲ. ಭರವಸೆ ನಿಜ, ಆದರೆ ಅದಕ್ಕೊಂದು ಬೇಲಿ ಇದೆ. ಕಾಫ್ಕಾದಲ್ಲಿ ಆ ಬೇಲಿ ಕಾಫ್ಕಾವೇ. ಓದುವುದೂ ಬರೆಯುವುದೂ ಅದರೊಳಗೇ ಇರುವವರೆಗೆ ಮಾತು ಉಳಿಯುತ್ತದೆ. ಆ ಪ್ರಕ್ರಿಯೆಯ ನಡುವಿನಿಂದ ಒಂದು ಎಸ್‌ಎಂಎಸ್ ಕಳುಹಿಸಿದರೆ, ಟ್ರಾನ್ಸಾಕ್ಷನ್ ರದ್ದಾದಾಗ ಆ ಎಸ್‌ಎಂಎಸ್ ಹಿಂದಕ್ಕೆ ಬರುವುದಿಲ್ಲ.

ಗೂಗಲ್ ಪಬ್‌ಸಬ್‌ನಲ್ಲಿಯೂ ‘ಒಮ್ಮೆ ಮಾತ್ರ’ ಎಂಬ ಆಯ್ಕೆ ಇದೆ. ಅದು ಕೊಡುವ ಮಾತನ್ನು ನಿಧಾನವಾಗಿ ಓದಿ ನೋಡಿ: ಮೆಸೇಜಿನ ಗಡುವು ಮೀರದಿರುವವರೆಗೆ ಅದನ್ನು ಮತ್ತೊಬ್ಬರಿಗೆ ಕೊಡುವುದಿಲ್ಲ, ಸ್ವೀಕೃತಿ ಯಶಸ್ವಿಯಾದ ಮೇಲೆ ಮತ್ತೆ ಕೊಡುವುದಿಲ್ಲ, ಮತ್ತು ಸ್ವೀಕೃತಿ ಯಶಸ್ವಿಯಾಯಿತೋ ಇಲ್ಲವೋ ಎಂದು ನಿಮಗೆ ತಿಳಿಸುತ್ತದೆ. ಇವು ಬೆಲೆಯುಳ್ಳ ಮಾತುಗಳೇ. ಹೇಮಾ ಅವರನ್ನು ದಾರಿ ತಪ್ಪಿಸಿದ, ಅಳಿಯದಿದ್ದರೂ ಅಳಿಯಿತೆನ್ನುವ ಉತ್ತರ ಅಲ್ಲಿ ಬರುವುದಿಲ್ಲ. ಆದರೆ ಡೇಟಾಬೇಸ್‌ನಲ್ಲಿ ಕಮಿಟ್ ಮಾಡಿ, ಸ್ವೀಕೃತಿ ಕೊಡುವ ಮೊದಲು ವರ್ಕರ್ ಸತ್ತರೆ? ಸ್ವೀಕೃತಿ ಹೋಗಿಲ್ಲ, ಗಡುವು ತೀರುತ್ತದೆ, ಮೆಸೇಜು ಮತ್ತೆ ಬರುತ್ತದೆ. ಕ್ಯೂ ಕೊಟ್ಟ ಮಾತೇನೂ ಮುರಿದಿಲ್ಲ, ಆದರೂ ಜಮಾ ಎರಡು ಬಾರಿ ಆಗಿದೆ. ತಲುಪಿಸುವ ಲೆಕ್ಕ ಕ್ಯೂನದು, ಅದರಿಂದ ಜಗತ್ತಿನಲ್ಲಾಗುವ ಪರಿಣಾಮದ ಲೆಕ್ಕ ವರ್ಕರ್ ಬರೆಯುವವರದು.

ಹೇಮಾ ಅವರ ಜಮಾಕ್ಕೆ ಮದ್ದು ಕ್ಯೂನಲ್ಲಿಲ್ಲ, ಪೋಸ್ಟ್‌ಗ್ರೆಸ್‌ನಲ್ಲಿದೆ. ಕೆಲಸದ ಗುರುತನ್ನು ಜಮಾದ ಜೊತೆಗೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ:

```sql
BEGIN;
INSERT INTO done_tasks (task_key)
VALUES ('batavade:2231:2024-06-A')
ON CONFLICT (task_key) DO NOTHING
RETURNING task_key;
-- ಸಾಲು ಬಾರದಿದ್ದರೆ ROLLBACK ಮಾಡಿ, ಮೆಸೇಜನ್ನು ಅಳಿಸಿ
INSERT INTO ledger (member_id, amount)
VALUES (2231, 1840);
COMMIT;
```

ಮೊದಲು `SELECT` ಮಾಡಿ, ಇಲ್ಲದಿದ್ದರೆ ಬರೆಯುವ ಕ್ರಮ ಬೇಡ. ನಿಮ್ಮ ರಾತ್ರಿಯಂತೆ ಎರಡು ವರ್ಕರ್‌ಗಳು ಒಂದೇ ಹೊತ್ತಿಗೆ ಓಡುತ್ತಿದ್ದರೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರವೇ ಸಿಗುತ್ತದೆ. `task_key` ಮೇಲೆ ಪ್ರೈಮರಿ ಕೀ ಇದ್ದಾಗ ಎರಡನೆಯ ವರ್ಕರ್‌ನ `INSERT` ಮೊದಲನೆಯದರ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಅಲ್ಲಿಯೇ ಕಾಯುತ್ತದೆ. ಮೊದಲನೆಯದು ಕಮಿಟ್ ಆದರೆ ಎರಡನೆಯದಕ್ಕೆ ಸಾಲು ಸಿಗುವುದಿಲ್ಲ. ಅದು ರದ್ದಾದರೆ ಎರಡನೆಯದೇ ಬರೆದು ಮುಂದುವರಿಯುತ್ತದೆ. ಹೀಗೆ ಕಾಯುವ ಹೊತ್ತು ಚಿಕ್ಕದಾಗಿರಬೇಕಾದ್ದರಿಂದ ರಸೀದಿ ತಯಾರಿಯನ್ನು ಟ್ರಾನ್ಸಾಕ್ಷನ್‌ನ ಹೊರಗೇ ಇಡಿ.

ಹೇಮಾ_ಆರ್

ತುಂಬ ಉಪಕಾರವಾಯಿತು ಸರ್. ಒಂದು ಸಂದೇಹ. ಗುರುತಾಗಿ ಎಸ್‌ಕ್ಯೂಎಸ್ ತಾನೇ ಕೊಡುವ ಮೆಸೇಜ್ ಐಡಿಯನ್ನು ಬಳಸಿದರೆ ಆಗದೇ? ಅದು ಹೇಗೂ ಪ್ರತಿ ಮೆಸೇಜಿಗೂ ಬೇರೆಯಾಗಿರುತ್ತದೆ.

ಗೌರಿಶಂಕರ

ಬೇರೆಯಾಗಿರುವುದೇ ತೊಂದರೆ. ಗಡುವು ಮೀರಿ ಮರಳಿ ಬಂದ ಮೆಸೇಜಿಗೆ ಅದೇ ಐಡಿ ಇರುತ್ತದೆ, ಅಲ್ಲಿಯವರೆಗೆ ಸರಿ. ಆದರೆ ಕಳುಹಿಸುವ ಪ್ರೋಗ್ರಾಂ ಉತ್ತರ ಬಾರದೆ ಇನ್ನೊಮ್ಮೆ ಕಳುಹಿಸಿದರೆ ಅದು ಹೊಸ ಮೆಸೇಜು, ಹೊಸ ಐಡಿ. ಮತ್ತೆ ಮತ್ತೆ ಸೋತು ಡೆಡ್ ಲೆಟರ್ ಕ್ಯೂಗೆ ಹೋದ ಮೆಸೇಜುಗಳನ್ನು ಕನ್ಸೋಲ್‌ನಿಂದ ಮೂಲ ಕ್ಯೂಗೆ ಹಿಂದಿರುಗಿಸಿದಾಗಲೂ ಹೊಸ ಐಡಿ ಬೀಳುತ್ತದೆ, ಉಳಿಯುವ ಅವಧಿಯೂ ಮೊದಲಿನಿಂದ ಶುರುವಾಗುತ್ತದೆ. ಹಾಗೆ ಹಿಂದಿರುಗಿಸುವ ದಿನವೇ ನೀವು ಎಲ್ಲಕ್ಕಿಂತ ಹೆಚ್ಚು ಆತುರದಲ್ಲಿರುತ್ತೀರಿ. ಗುರುತು ನಿಮ್ಮ ವ್ಯವಹಾರದಿಂದಲೇ ಹುಟ್ಟಬೇಕು, ಕಳುಹಿಸುವ ಬದಿಯಲ್ಲಿಯೇ ಮೆಸೇಜಿನೊಳಗೆ ಬರೆದಿರಬೇಕು.

`done_tasks` ಅನ್ನು ಬೇಗ ಖಾಲಿ ಮಾಡಬೇಡಿ. ಎಸ್‌ಕ್ಯೂಎಸ್ ಒಂದು ಕ್ಯೂನಲ್ಲಿ ಮೆಸೇಜನ್ನು 14 ದಿನಗಳವರೆಗೆ ಇಟ್ಟುಕೊಳ್ಳಬಲ್ಲದು, ಹಿಂದಿರುಗಿಸಿದರೆ ಇನ್ನೂ ಹೆಚ್ಚು. ನಾನಾದರೆ ಹಣದ ವಿಷಯದಲ್ಲಿ ಅಳಿಸುವುದೇ ಇಲ್ಲ.

ಚೈತ್ರಾ_ವಿ

ಜಮಾದ ಮಾತು ಒಪ್ಪಿದೆ. ಎಸ್‌ಎಂಎಸ್ ವಿಷಯವನ್ನು ಇಲ್ಲಿ ಯಾರೂ ಮುಟ್ಟುತ್ತಿಲ್ಲ, ಅದು ಹೇಮಾ ಅವರ ಮೂರನೆಯ ಹೆಜ್ಜೆ. ಅದು ಪೋಸ್ಟ್‌ಗ್ರೆಸ್‌ನೊಳಗೆ ಇಲ್ಲ. ಗುರುತನ್ನು ಬರೆದು ಆಮೇಲೆ ಕಳುಹಿಸಿದರೆ ನಡುವೆ ಸತ್ತಾಗ ಎಸ್‌ಎಂಎಸ್ ಹೋಗುವುದೇ ಇಲ್ಲ. ಕಳುಹಿಸಿ ಆಮೇಲೆ ಬರೆದರೆ ಎರಡು ಬಾರಿ ಹೋಗುತ್ತದೆ. ನಮ್ಮಲ್ಲಿ ಎಸ್‌ಎಂಎಸ್ ಅನ್ನು ಒಂದು ಕಳುಹಿಸಬೇಕಾದವುಗಳ ಟೇಬಲ್‌ನಲ್ಲಿ, ಜಮಾದ ಟ್ರಾನ್ಸಾಕ್ಷನ್‌ನಲ್ಲಿಯೇ ಬರೆದಿಡುತ್ತೇವೆ. ಬೇರೊಂದು ಪ್ರಕ್ರಿಯೆ ಅಲ್ಲಿಂದ ಎತ್ತಿ ಕಳುಹಿಸುತ್ತದೆ. ಅನುಮಾನದ ಜಾಗ ಚಿಕ್ಕದಾಯಿತು, ಹೋಗಲಿಲ್ಲ: ಕಳುಹಿಸುವ ಸಂಸ್ಥೆ ಸ್ವೀಕರಿಸಿ, ಅದರ ಉತ್ತರ ನಮಗೆ ತಲುಪುವ ಮೊದಲು ಸಂಪರ್ಕ ಕಡಿದರೆ ಹೋಯಿತೋ ಇಲ್ಲವೋ ತಿಳಿಯುವುದಿಲ್ಲ.

ಗೌರಿಶಂಕರ

ನೀವು ಹೇಳಿದ್ದು ಸರಿ. ಎದುರಿನವರು ನಮ್ಮ ಗುರುತನ್ನು ಸ್ವೀಕರಿಸಿ ನೆನಪಿಟ್ಟುಕೊಂಡರೆ ಮಾತ್ರ ಅದು ಮುಚ್ಚುತ್ತದೆ. ಸ್ಟ್ರೈಪ್‌ನಂತಹ ಪಾವತಿ ಸೇವೆಗಳು `Idempotency-Key` ಎಂಬ ಹೆಡರ್ ಮೂಲಕ ಅದನ್ನು ಮಾಡುತ್ತವೆ. ಅವರೂ ಆ ಗುರುತನ್ನು ಕನಿಷ್ಠ 24 ಗಂಟೆಗಳಷ್ಟು ಇಟ್ಟುಕೊಳ್ಳುವ ಮಾತು ಕೊಡುತ್ತಾರೆಯೇ ಹೊರತು ಶಾಶ್ವತವಾಗಿ ಅಲ್ಲ. ನಿಮ್ಮ ಎಸ್‌ಎಂಎಸ್ ಸಂಸ್ಥೆಯಲ್ಲಿ ಅಂತಹದೇನೂ ಇಲ್ಲದಿದ್ದರೆ ಎರಡು ತಪ್ಪುಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು. ಬಟವಾಡೆಯ ಎಸ್‌ಎಂಎಸ್ ಆದರೆ ನಾನು ಎರಡು ಬಾರಿ ಹೋಗಲಿ ಎನ್ನುತ್ತೇನೆ.

ಚೈತ್ರಾ_ವಿ

ಅಲ್ಲಿಯೇ ನನಗೆ ಒಪ್ಪಿಗೆಯಿಲ್ಲ. ‘ನಿಮ್ಮ ಖಾತೆಗೆ 1,840 ರೂಪಾಯಿ ಜಮಾ ಆಗಿದೆ’ ಎಂದು ಎರಡು ಬಾರಿ ಬಂದರೆ ಸದಸ್ಯರು ಎರಡು ಬಾರಿ ಹಣ ಬಂತೆಂದೇ ಓದುತ್ತಾರೆ. ಎಸ್‌ಎಂಎಸ್ ಬಾರದಿದ್ದರೆ ಸಂಘಕ್ಕೆ ಹೋಗಿ ಕೇಳುತ್ತಾರೆ, ಅಷ್ಟೆ.

ಹೇಮಾ_ಆರ್

ಎರಡು ಬಟವಾಡೆಗಳು ಕಳೆದವು, ಆದ್ದರಿಂದ ವರದಿ ಒಪ್ಪಿಸುತ್ತಿದ್ದೇನೆ. ಗಡುವನ್ನು ಐದು ನಿಮಿಷಕ್ಕೆ ಏರಿಸಿ, ಗೌರಿಶಂಕರ ಅವರು ಹೇಳಿದಂತೆ ಟೇಬಲ್ ಸೇರಿಸಿದೆವು. `ApproximateReceiveCount` 2 ಇದ್ದ ಮೆಸೇಜುಗಳು ಈಗಲೂ ಅಲ್ಲೊಂದು ಇಲ್ಲೊಂದು ಕಾಣುತ್ತವೆ, ಆದರೆ ಯಾವ ಖಾತೆಯಲ್ಲೂ ಎರಡನೆಯ ಜಮಾ ಇಲ್ಲ.

ಆದರೆ ಎರಡನೆಯ ಬಟವಾಡೆಯಲ್ಲಿ ಒಬ್ಬ ಸದಸ್ಯರಿಗೆ ಸಿಗಬೇಕಾದ ಹಣ ಸಿಗಲಿಲ್ಲ. ಅವರ ಹಾಲಿನ ಫ್ಯಾಟ್ ಅಳತೆ ತಪ್ಪಾಗಿ ದಾಖಲಾಗಿದ್ದು, ಸಂಘದವರು ಅದನ್ನು ತಿದ್ದಿ ವ್ಯತ್ಯಾಸದ 212 ರೂಪಾಯಿಗೆ ಅದೇ ಅವಧಿಯಲ್ಲಿ ಮತ್ತೊಂದು ಬಟವಾಡೆ ಮಾಡಿದ್ದರು. ನಮ್ಮ ಗುರುತಿನಲ್ಲಿ ಸದಸ್ಯರ ಸಂಖ್ಯೆ ಮತ್ತು ಅವಧಿ ಮಾತ್ರ ಇದ್ದುದರಿಂದ ವರ್ಕರ್ ಅದನ್ನು ಮರಳಿ ಬಂದ ಮೆಸೇಜೆಂದು ಬಗೆದು ಸದ್ದಿಲ್ಲದೆ ಅಳಿಸಿಬಿಟ್ಟಿತು. ಎರಡು ಬಾರಿ ಜಮಾ ಆದಾಗ ಲೆಕ್ಕ ತಾಳೆಯಾಗದೆ ನಮಗೆ ತಿಳಿದಿತ್ತು. ಇದು ಆ ಸದಸ್ಯರೇ ಬಂದು ಕೇಳಿದ ಮೇಲೆ ತಿಳಿಯಿತು. ನನಗೆ ಬಹಳ ಬೇಸರವಾಗಿದೆ.

ಗೌರಿಶಂಕರ

ನಾನು ಮೇಲೆ ಬರೆದ ಉದಾಹರಣೆಯ ಗುರುತಿನಲ್ಲಿಯೇ ಆ ಕೊರತೆ ಇದೆ, ಕ್ಷಮಿಸಿ. ಒಂದೊಂದು ಬಟವಾಡೆ ಆದೇಶಕ್ಕೂ, ಅದನ್ನು ಸಂಘದವರು ಸೃಷ್ಟಿಸುವ ಕ್ಷಣದಲ್ಲಿಯೇ, ತನ್ನದೇ ಆದ ಸಂಖ್ಯೆ ಸಿಗಬೇಕು. ಗುರುತು ಆ ಸಂಖ್ಯೆಯಾಗಬೇಕು. ಜೊತೆಗೆ `done_tasks` ಸಾಲಿನಲ್ಲಿ ಮೊತ್ತವನ್ನೂ ಬರೆದಿಡಿ. ಗುರುತು ಒಂದೇ ಇದ್ದು ಮೊತ್ತ ಬೇರೆಯಾಗಿದ್ದರೆ ಅದು ಮರುಕಳಿಕೆಯಲ್ಲ, ನಮ್ಮ ತಪ್ಪು. ಆಗ ಮೆಸೇಜನ್ನು ಅಳಿಸದೆ ದೋಷವೆಂದು ಎತ್ತಿ ತೋರಿಸಬೇಕು. ಸ್ಟ್ರೈಪ್ ಕೂಡ ಹಾಗೆಯೇ ಮಾಡುತ್ತದೆ: ಹಳೆಯ ಗುರುತಿನೊಂದಿಗೆ ಬೇರೆ ವಿವರಗಳು ಬಂದರೆ ದೋಷ ಹಿಂದಿರುಗಿಸುತ್ತದೆ.

ಹೇಮಾ_ಆರ್

ಆದೇಶದ ಸಂಖ್ಯೆಗೆ ಇಂದೇ ಬದಲಿಸುತ್ತಿದ್ದೇವೆ. ಎಸ್‌ಎಂಎಸ್ ಬಗ್ಗೆ ನಮ್ಮ ತಂಡದಲ್ಲಿಯೂ ಒಮ್ಮತವಾಗಿಲ್ಲ. ಪಠ್ಯದಲ್ಲಿ ಆದೇಶದ ಸಂಖ್ಯೆಯನ್ನೂ ಜಮಾ ಆದ ಮೇಲಿನ ಬಾಕಿಯನ್ನೂ ಸೇರಿಸಿದರೆ ಎರಡು ಬಾರಿ ಬಂದರೂ ಒಂದೇ ಎಂದು ತಿಳಿಯುತ್ತದೆ ಎಂಬುದು ಒಂದು ಸಲಹೆ. ಚೈತ್ರಾ ಅವರೇ, ನಿಮ್ಮ ಸದಸ್ಯರು ಅದನ್ನು ಹಾಗೆ ಓದುತ್ತಾರೆಯೇ?

ಚೈತ್ರಾ_ವಿ

ಬಾಕಿ ಇದ್ದರೆ ಓದುತ್ತಾರೆ. ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಆದರೆ ಬಾಕಿಯನ್ನು ಕಳುಹಿಸುವ ಹೊತ್ತಿನಲ್ಲಿ ಲೆಕ್ಕ ಹಾಕಬೇಡಿ, ಜಮಾದ ಟ್ರಾನ್ಸಾಕ್ಷನ್‌ನಲ್ಲಿಯೇ ಪಠ್ಯದ ಜೊತೆ ಬರೆದಿಡಿ. ಇಲ್ಲದಿದ್ದರೆ ಎರಡು ಎಸ್‌ಎಂಎಸ್‌ಗಳಲ್ಲಿ ಎರಡು ಬಾಕಿ ಕಾಣುತ್ತದೆ.